ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಆಮೇಲೆ ಬಾಸ್ಟನ್: ಅಪ್ಪ ಅಮ್ಮನಿಗೆ ಟ್ರಾನ್ಸಿಟ್ ವೀಸಾ ಬೇಕಾ?

ತುಂಗಾತೀರ, ತೀರ್ಥಹಳ್ಳಿ (ಸಂಜೆ 5.40)

ಎಲ್ಲರಿಗೂ ನಮಸ್ಕಾರ. ಅತ್ತಿಗೆಯ ಬಾಣಂತನಕ್ಕೆ ಅಪ್ಪ ಅಮ್ಮ ಮಾರ್ಚ್‌ನಲ್ಲಿ ಬಾಸ್ಟನ್‌ಗೆ ಹೊರಟಿದ್ದಾರೆ. ಕೊನೆ ಕೊಯ್ಲು ಮುಗಿಸಿಯೇ ಹೊರಡುವುದು ಅಂತ ಅಪ್ಪನ ಹಟ, ಹಾಗಾಗಿ ಮಾರ್ಚ್. ಇಬ್ಬರಿಗೂ ಅಮೆರಿಕದ ಪ್ರವಾಸಿ ವೀಸಾ ಇದೆ, ಇನ್ನೂ ಐದು ವರ್ಷಕ್ಕಿಂತ ಜಾಸ್ತಿ ಅವಧಿ ಉಳಿದಿದೆ. ಅಲ್ಲಿ ಸುಮಾರು ಐದು ತಿಂಗಳು ಇರುತ್ತಾರೆ.

ನಿನ್ನೆ ರಾತ್ರಿ ಅಣ್ಣ ಅಲ್ಲಿಂದಲೇ ಟಿಕೆಟ್ ಮಾಡಿದ. ದಾರಿ ಹೀಗಿದೆ: ಬೆಂಗಳೂರು, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬಾಸ್ಟನ್. ಟಿಕೆಟ್ ಮೇಲೆ BLR–CDG–AMS–BOS ಅಂತ ಇದೆ. ಪ್ಯಾರಿಸ್‌ನಲ್ಲಿ 2 ಗಂಟೆ 10 ನಿಮಿಷ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 3 ಗಂಟೆ. ಎಲ್ಲ ಒಂದೇ ಟಿಕೆಟ್, ಒಂದೇ PNR. ಬ್ಯಾಗ್ ಬೆಂಗಳೂರಿನಲ್ಲಿ ಕೊಟ್ಟರೆ ಬಾಸ್ಟನ್‌ನಲ್ಲೇ ಸಿಗುತ್ತದಂತೆ. ವಾಪಸ್ ಬರುವಾಗ ಇದೇ ದಾರಿ ಉಲ್ಟಾ.

ಅವರು ಎಲ್ಲಿಯೂ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡುವುದಿಲ್ಲ. ಶಿವಮೊಗ್ಗದ ಒಬ್ಬ ಟ್ರಾವೆಲ್ಸ್‌ನವರನ್ನು ಕೇಳಿದೆ. "ಅಮೆರಿಕ ವೀಸಾ ಇದ್ದರೆ ಯುರೋಪಿನಲ್ಲಿ ಟ್ರಾನ್ಸಿಟ್ ವೀಸಾ ಬೇಡ" ಅಂದರು. ಆದರೆ ನಮ್ಮ ಪಕ್ಕದ ಊರಿನ ಒಬ್ಬರನ್ನು ಹೋದ ವರ್ಷ ಬೆಂಗಳೂರಿನಿಂದಲೇ ವಾಪಸ್ ಕಳಿಸಿದ್ದರು ಅಂತ ಅಮ್ಮ ಯಾರಿಂದಲೋ ಕೇಳಿಕೊಂಡು ಬಂದಿದ್ದಾರೆ. ನಿನ್ನೆಯಿಂದ ನಿದ್ದೆ ಮಾಡಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಗಾಂಧಿಬಜಾರ್ (ಸಂಜೆ 5.55)

ಮೇಡಂ, ಸುಮ್ನೆ ಹೆದರಬೇಡಿ. ನಿಮ್ಮ ಟ್ರಾವೆಲ್ಸ್‌ನವರು ಹೇಳಿದ್ದು ಸರಿ. ನಾನು ಹೋದ ಜೂನ್‌ನಲ್ಲಿ ಪ್ಯಾರಿಸ್ ಮೇಲೆ ನ್ಯೂಯಾರ್ಕ್‌ಗೆ ಹೋಗಿ ಬಂದೆ. ಅಮೆರಿಕ ವೀಸಾ ತೋರಿಸಿದೆ, ಅಷ್ಟೇ. ಒಂದು ಪ್ರಶ್ನೆ ಕೇಳಲಿಲ್ಲ. ಒಂದೇ ಟಿಕೆಟ್ ಇದ್ದು, ಬ್ಯಾಗ್ ನೇರ ಹೋಗುತ್ತಿದ್ದರೆ ನಾವು ಏರ್‌ಸೈಡ್‌ನಲ್ಲೇ, ಅಂದರೆ ಇಮಿಗ್ರೇಷನ್ ದಾಟದೆ ವಿಮಾನ ಬದಲಿಸುವ ಒಳಭಾಗದಲ್ಲೇ ಇರುತ್ತೇವೆ. ಆ ದೇಶಕ್ಕೆ ನಾವು ಬಂದೇ ಇಲ್ಲ ಅಂತ ಲೆಕ್ಕ. ಇಮಿಗ್ರೇಷನ್ ಕೌಂಟರ್ ದಾಟಿ ಹೊರಗೆ ಬಂದರೆ ಮಾತ್ರ ವೀಸಾ. ಎರಡು ಕಡೆ ಇಳಿದರೂ ಅದೇ ಕಥೆ.

ಆಗುಂಬೆ ಮಳೆ (ಸಂಜೆ 6.05)

ಯುರೋಪೇ ಬೇಡ ಅಕ್ಕಾ. ದುಬೈ ಮೇಲೆ ಕಳಿಸಿ. ನಾನು ಮೂರು ಸಲ ಹೋಗಿದ್ದೇನೆ, ಹೊರಗೆ ಹೋಗಿ ಊರು ಸುತ್ತಿಕೊಂಡು ಬರಬಹುದು. ಅಪ್ಪ ಅಮ್ಮನಿಗೂ ಒಂದು ದಿನ ನೋಡಿದ ಹಾಗಾಗುತ್ತದೆ.

ತುಂಗಾತೀರ, ತೀರ್ಥಹಳ್ಳಿ (ಸಂಜೆ 6.12)

ಆಗುಂಬೆಯವರೇ, ಊರು ನೋಡುವ ಆಸೆ ಅವರಿಗಿಲ್ಲ. ಅಪ್ಪನಿಗೆ 71, ಅಮ್ಮನ ಮಂಡಿ ನೋವು ಬೇರೆ. ಒಳಗೇ ಕೂತು ಮುಂದಿನ ವಿಮಾನ ಹತ್ತಿದರೆ ಸಾಕು. ನನ್ನ ಪ್ರಶ್ನೆ ಅಷ್ಟೇ: ಒಳಗೇ ಕೂರುವವರಿಗೂ ವೀಸಾ ಬೇಕಾ?

ಕೊಪ್ಪದ ಕೌಂಟರ್ (ಸಂಜೆ 6.30)

ತುಂಗಾತೀರ ಅವರೇ, ಮೊದಲು ಒಂದು ವಿಷಯ. ಟಿಕೆಟ್ ಮಾಡಿದ್ದು ನಿನ್ನೆ ರಾತ್ರಿ ಎಷ್ಟು ಗಂಟೆಗೆ? ವಿಮಾನ ಕಂಪನಿಯ ಸ್ವಂತ ಸೈಟಿನಲ್ಲೋ, ಬೇರೆ ಬುಕಿಂಗ್ ಸೈಟಿನಲ್ಲೋ? ಇದನ್ನು ಅಣ್ಣನನ್ನು ಈಗಲೇ ಕೇಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಬೆಂಗಳೂರಿನಲ್ಲಿ 19 ವರ್ಷ ವಿಮಾನದ ಚೆಕ್‌ಇನ್ ಕೌಂಟರಿನಲ್ಲಿ ಕೆಲಸ ಮಾಡಿದವನು. ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ನೀವು ಬರೆದ ದಾರಿಗೆ ವೀಸಾ ಬೇಕು. ಅದೂ ಟ್ರಾನ್ಸಿಟ್ ವೀಸಾ ಅಲ್ಲ, ಪೂರ್ತಿ ಷೆಂಗೆನ್ ವೀಸಾ. ಅಮೆರಿಕದ ವೀಸಾ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಗಾಂಧಿಬಜಾರ್ (ಸಂಜೆ 6.36)

ಸರ್, ತಪ್ಪು ತಿಳಿಯಬೇಡಿ. ನಾನೇ ಹೋಗಿ ಬಂದಿದ್ದೇನಲ್ಲ? ಅದೇ ಪ್ಯಾರಿಸ್, ಅದೇ ಅಮೆರಿಕ ವೀಸಾ.

ಕೊಪ್ಪದ ಕೌಂಟರ್ (ಸಂಜೆ 6.58)

ಗಾಂಧಿಬಜಾರ್ ಅವರೇ, ನೀವು ಹೋಗಿದ್ದು ಸರಿಯಾಗಿಯೇ ಇದೆ. ನೀವು ಯುರೋಪಿನಲ್ಲಿ ಇಳಿದಿದ್ದು ಒಂದೇ ಕಡೆ. ಇವರು ಇಳಿಯುವುದು ಎರಡು ಕಡೆ. ಇಡೀ ವ್ಯತ್ಯಾಸ ಅಲ್ಲಿದೆ.

ನಮ್ಮ ಶಿವಮೊಗ್ಗದ ಉದಾಹರಣೆಯಲ್ಲೇ ಹೇಳುತ್ತೇನೆ. ಒಬ್ಬ ಫ್ರೆಂಚ್ ಮನುಷ್ಯ ಪ್ಯಾರಿಸ್‌ನಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಸೋಗಾನೆಗೆ ವಿಮಾನ ಹತ್ತಬೇಕು ಅಂತಿಟ್ಟುಕೊಳ್ಳಿ. ಶಿವಮೊಗ್ಗ ನಿಲ್ದಾಣದಲ್ಲಿ ಇಮಿಗ್ರೇಷನ್ ಇಲ್ಲ. ಬೆಂಗಳೂರಿನಿಂದ ಅಲ್ಲಿಗೆ ಹೋಗುವುದು ದೇಶದೊಳಗಿನ ವಿಮಾನ. ಹಾಗಾಗಿ ಅವನು ಬೆಂಗಳೂರಿನಲ್ಲೇ ಪಾಸ್‌ಪೋರ್ಟ್ ಮೇಲೆ ಮುದ್ರೆ ಹಾಕಿಸಿಕೊಂಡು ಭಾರತದ ಒಳಗೆ ಬರಬೇಕು. ಅವನ ಟಿಕೆಟ್ ಒಂದೇ ಇರಲಿ, ಊರು ನೋಡುವ ಆಸೆ ಇಲ್ಲದೇ ಇರಲಿ, ಭಾರತದ ವೀಸಾ ಇಲ್ಲದೆ ಆ ಬಾಗಿಲು ದಾಟಲು ಆಗುವುದಿಲ್ಲ.

ಷೆಂಗೆನ್ ಅಂದರೆ ಈಗ 29 ದೇಶ. ಗಡಿಯ ವಿಷಯದಲ್ಲಿ ಅವೆಲ್ಲ ಸೇರಿ ಒಂದೇ ದೇಶ ಇದ್ದ ಹಾಗೆ. ಫ್ರಾನ್ಸ್ ಅದರೊಳಗೆ ಇದೆ, ನೆದರ್ಲೆಂಡ್ಸ್ ಕೂಡ ಇದೆ. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವುದು ನಮಗೆ ವಿದೇಶ ಪ್ರಯಾಣ ಅನ್ನಿಸುತ್ತದೆ. ಅವರ ಲೆಕ್ಕದಲ್ಲಿ ಅದು ಬೆಂಗಳೂರಿನಿಂದ ಶಿವಮೊಗ್ಗ. ಆ ವಿಮಾನ ಹೊರಡುವ ಗೇಟುಗಳು ಪಾಸ್‌ಪೋರ್ಟ್ ಕೌಂಟರಿನ ಆಚೆ ಇವೆ. ಪ್ಯಾರಿಸ್‌ನ ಷಾರ್ಲ್ ಡಿ ಗಾಲ್ ನಿಲ್ದಾಣದಲ್ಲಿ ಬೆಂಗಳೂರಿನ ವಿಮಾನ ಬರುವುದು 2E ಅನ್ನುವ ಟರ್ಮಿನಲ್‌ಗೆ. ಆಮ್‌ಸ್ಟರ್‌ಡ್ಯಾಮ್‌ಗೆ ಹೊರಡುವುದು 2F ಕಡೆಯಿಂದ. ಎರಡೂ ಪಕ್ಕಪಕ್ಕ, ನಡೆದುಕೊಂಡೇ ಹೋಗಬಹುದು. ಆದರೆ ನಡುವೆ ಗಡಿ ಪೊಲೀಸರ ಕೌಂಟರ್ ಇದೆ. ಅಲ್ಲಿ ನಿಮ್ಮ ಅಪ್ಪ ಅಮ್ಮ ಯುರೋಪಿನ ಒಳಗೆ ಬರುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಸ್ಟನ್ ವಿಮಾನಕ್ಕೆ ಹೋಗುವಾಗ ಯುರೋಪಿನಿಂದ ಹೊರಗೆ ಹೋಗುತ್ತಾರೆ. ನಡುವಿನ ಆರೇಳು ಗಂಟೆ ಅವರು ಷೆಂಗೆನ್ ಒಳಗೇ ಇರುತ್ತಾರೆ, ಕಟ್ಟಡದಿಂದ ಹೊರಗೆ ಕಾಲಿಡದಿದ್ದರೂ.

ನಿಮ್ಮ ಟ್ರಾವೆಲ್ಸ್‌ನವರು ಹೇಳಿದ್ದು ಅರ್ಧ ಸತ್ಯ. ವಿಮಾನ ನಿಲ್ದಾಣದ ಟ್ರಾನ್ಸಿಟ್ ವೀಸಾ ಅಂತ ಒಂದಿದೆ, ಎ ಮಾದರಿಯದು. ಗಡಿ ದಾಟದೆ, ಅಂತರರಾಷ್ಟ್ರೀಯ ಭಾಗದಲ್ಲೇ ಇದ್ದು ಮುಂದಿನ ವಿಮಾನ ಹತ್ತುವವರಿಗೆ ಅದು. ಕೆಲವು ಯುರೋಪ್ ದೇಶಗಳು ಕೆಲವು ದೇಶದವರಿಂದ ಅದನ್ನು ಕೇಳುತ್ತವೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರಿಗೆ ಆ ವೀಸಾದಿಂದ ವಿನಾಯಿತಿ ಇದೆ. ಅಮೆರಿಕ ವೀಸಾ ಕೊಡುವ ಲಾಭ ಅಷ್ಟೇ. ಅದನ್ನು ತೋರಿಸಿ ಗಡಿ ದಾಟಲು ಬರುವುದಿಲ್ಲ. ಗಡಿ ದಾಟಲು ಸಿ ಮಾದರಿಯ ವೀಸಾ, ಅಂದರೆ ನಾನು ಮೊದಲು ಹೇಳಿದ ಪೂರ್ತಿ ಷೆಂಗೆನ್ ವೀಸಾನೇ ಬೇಕು.

ತುಂಗಾತೀರ, ತೀರ್ಥಹಳ್ಳಿ (ರಾತ್ರಿ 7.10)

ಸರ್, ಓದಿ ಕೈಕಾಲು ತಣ್ಣಗಾಯಿತು. ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಅಲ್ಲಿ ಬೆಳಗ್ಗೆ, ಈಗಷ್ಟೇ ಎದ್ದಿದ್ದ. ಟಿಕೆಟ್ ಮಾಡಿದ್ದು ನಮ್ಮ ಟೈಮಿಗೆ ನಿನ್ನೆ ರಾತ್ರಿ 10.50ಕ್ಕೆ, ವಿಮಾನ ಕಂಪನಿಯ ಅಮೆರಿಕದ ಸೈಟಿನಲ್ಲೇ. ಅವನು ಕೇಳುತ್ತಿದ್ದಾನೆ: ವೀಸಾ ಇಲ್ಲದೆ ಹೋಗಲು ಆಗದ ದಾರಿಯನ್ನು ಮಾರುತ್ತಾರಾ? ಬ್ಯಾಗ್ ನೇರ ಬಾಸ್ಟನ್‌ಗೆ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲ?

ಕೊಪ್ಪದ ಕೌಂಟರ್ (ರಾತ್ರಿ 7.22)

ಹಾಗಿದ್ದರೆ ಇನ್ನೂ ಮೂರೂವರೆ ಗಂಟೆ ಇದೆ. ಅಮೆರಿಕದಲ್ಲಿ ಒಂದು ನಿಯಮ ಇದೆ. ಅಮೆರಿಕಕ್ಕೆ ಹೋಗುವ, ಬರುವ ವಿಮಾನಗಳಿಗೆ, ಹೊರಡುವ ದಿನಕ್ಕೆ ಕನಿಷ್ಠ 7 ದಿನ ಮೊದಲು ಕಂಪನಿಯಲ್ಲೇ ನೇರವಾಗಿ ಟಿಕೆಟ್ ಮಾಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು. ಇಲ್ಲವೇ ದುಡ್ಡು ಕಟ್ಟದೆ 24 ಗಂಟೆ ಟಿಕೆಟ್ ಹಿಡಿದಿಟ್ಟುಕೊಳ್ಳಲು ಬಿಡಬೇಕು. ಎರಡರಲ್ಲಿ ಯಾವುದು ಅಂತ ಕಂಪನಿ ಆರಿಸಿಕೊಳ್ಳುತ್ತದೆ. ಹೆಚ್ಚಿನವರು ರದ್ದು ಮಾಡಲು ಬಿಡುತ್ತಾರೆ. ಅಣ್ಣ ಈಗಲೇ ತನ್ನ ಬುಕಿಂಗ್ ತೆರೆದು ಆ ಷರತ್ತು ಓದಲಿ. ಆದರೆ ಹೊಸ ದಾರಿ ಯಾವುದು ಅಂತ ನೋಡಿಟ್ಟುಕೊಂಡು ಆಮೇಲೆ ರದ್ದು ಮಾಡಲಿ.

ಅಣ್ಣ ಕೇಳಿದ್ದಕ್ಕೆ ಉತ್ತರ: ಹೌದು, ಮಾರುತ್ತಾರೆ. ಟಿಕೆಟ್ ಮಾಡುವ ಹೊತ್ತಿನಲ್ಲಿ ಯಾವ ದೇಶದ ಪಾಸ್‌ಪೋರ್ಟ್, ಯಾವ ವೀಸಾ ಇದೆ ಅಂತ ಆ ಸೈಟ್ ನೋಡುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಇದೇ ದಾರಿಗೆ ವೀಸಾ ಬೇಡ. ಹಾಗಾಗಿ ದಾರಿಯಲ್ಲಿ ತಪ್ಪಿಲ್ಲ, ಅದು ನಮ್ಮ ಪಾಸ್‌ಪೋರ್ಟಿಗೆ ಹೊಂದುವುದಿಲ್ಲ. ವೀಸಾ ನೋಡುವುದು ಚೆಕ್‌ಇನ್ ಕೌಂಟರಿನಲ್ಲಿ. ಪಾಸ್‌ಪೋರ್ಟ್ ಯಾವುದು, ದಾರಿ ಯಾವುದು, ವೀಸಾ ಯಾವುದು ಅಂತ ಹಾಕಿದರೆ ಏನೇನು ಬೇಕು ಅಂತ ಟಿಮ್ಯಾಟಿಕ್ ಹೇಳುತ್ತದೆ, ಅದು ವಿಮಾನ ಕಂಪನಿಗಳು ಪ್ರಯಾಣದ ದಾಖಲೆ ನಿಯಮ ನೋಡುವ ಕಂಪ್ಯೂಟರ್ ವ್ಯವಸ್ಥೆ. ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ಕಂಪನಿಗೆ ದಂಡ ಬೀಳುತ್ತದೆ, ವಾಪಸ್ ಕರೆತರುವ ಖರ್ಚೂ ಅವರದ್ದೇ. ಅದಕ್ಕೇ ಕೌಂಟರಿನವರು ಅಲ್ಲಿ ಮೆತ್ತಗಾಗುವುದಿಲ್ಲ.

ಬ್ಯಾಗಿನ ವಿಷಯದಲ್ಲಿ ಜನ ಬಹಳ ಮೋಸ ಹೋಗುತ್ತಾರೆ. ಬ್ಯಾಗಿಗೆ BOS ಅಂತ ಚೀಟಿ ಹಚ್ಚುತ್ತಾರೆ, ಅದು ಕೆಳಗಿನ ಬೆಲ್ಟುಗಳ ಮೇಲೇ ಮುಂದಿನ ವಿಮಾನಕ್ಕೆ ಹೋಗುತ್ತದೆ. ಅದು ನೇರ ಹೋಗುತ್ತದೆ ಅಂತ ನಾವೂ ಗಡಿ ದಾಟದೆ ಹೋಗುತ್ತೇವೆ ಅಂತಲ್ಲ. ಆದರೆ ಉಲ್ಟಾ ಮಾತ್ರ ನಿಜ. ಮಧ್ಯದಲ್ಲಿ ಬ್ಯಾಗ್ ತೆಗೆದುಕೊಳ್ಳಬೇಕಾಗಿ ಬಂದರೆ ನಾವು ಗಡಿ ದಾಟಿ ಲ್ಯಾಂಡ್‌ಸೈಡ್‌ಗೆ, ಅಂದರೆ ಇಮಿಗ್ರೇಷನ್ ಆಚೆಯ ಹೊರಭಾಗಕ್ಕೆ ಬರಲೇಬೇಕು, ಬ್ಯಾಗ್ ಬೆಲ್ಟ್ ಇರುವುದೇ ಆ ಕಡೆ.

ಇಂಥ ಒಂದು ಜೋಡಿಯನ್ನು ನಾನೇ ವಾಪಸ್ ಕಳಿಸಿದ್ದೇನೆ. ಹಾಸನ ಕಡೆಯವರು, ಮಗಳ ಮನೆಗೆ ಹೊರಟಿದ್ದರು. ಎರಡು ಯುರೋಪ್ ನಿಲ್ದಾಣ, ಕೈಯಲ್ಲಿ ಅಮೆರಿಕ ವೀಸಾ ಮಾತ್ರ. ರಾತ್ರಿ ಒಂದು ಗಂಟೆಗೆ ಆ ತಾಯಿ ಬ್ಯಾಗಿನ ಮೇಲೆ ಕೂತು ಅತ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಇಂಥ ಪ್ರಶ್ನೆ ಕಂಡರೆ ಉತ್ತರ ಬರೆಯದೆ ಇರಲು ನನಗೆ ಆಗುವುದಿಲ್ಲ.

ಗಾಂಧಿಬಜಾರ್ (ರಾತ್ರಿ 7.35)

ಸರ್, ನಾನು ತಪ್ಪು ಹೇಳಿದೆ. ತುಂಗಾತೀರ ಮೇಡಂ, ಕ್ಷಮಿಸಿ. "ಎರಡು ಕಡೆ ಇಳಿದರೂ ಅದೇ ಕಥೆ" ಅಂತ ಬರೆಯಬಾರದಿತ್ತು. ಒಂದು ಕೇಳಬೇಕು. ಈ ಷೆಂಗೆನ್ ವೀಸಾವನ್ನೇ ಮಾಡಿಸಿಬಿಟ್ಟರೆ? ಮಾರ್ಚ್‌ಗೆ ಇನ್ನೂ ಸಮಯ ಇದೆಯಲ್ಲ?

ಕೊಪ್ಪದ ಕೌಂಟರ್ (ರಾತ್ರಿ 7.50)

ಮಾಡಿಸಬಹುದು. ಆದರೆ ಇವರಿಗೆ ನಾನು ಹೇಳುವುದಿಲ್ಲ. ವೀಸಾ ಶುಲ್ಕ ತಲೆಗೆ 90 ಯೂರೋ. ಅದರ ಮೇಲೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಬೆರಳಚ್ಚಿಗೆ ಇಬ್ಬರೂ ಬೆಂಗಳೂರಿಗೆ ಹೋಗಬೇಕು. ಅರ್ಜಿ ಒಪ್ಪಿಕೊಂಡ ಮೇಲೆ ಸಾಮಾನ್ಯವಾಗಿ 15 ದಿನ, ಆದರೆ ಅದಕ್ಕೆ ಮೊದಲು ದಿನ ಸಿಗಬೇಕಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಯಾರೂ ಯೋಚಿಸುವುದಿಲ್ಲ. ಹೋಗುವಾಗ ಪ್ಯಾರಿಸ್‌ನಲ್ಲಿ ಒಳಗೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊರಗೆ. ಅದು ಒಂದು ಪ್ರವೇಶ. ವಾಪಸ್ ಬರುವಾಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಳಗೆ, ಪ್ಯಾರಿಸ್‌ನಲ್ಲಿ ಹೊರಗೆ. ಅದು ಎರಡನೆಯದು. ವೀಸಾ ಚೀಟಿಯ ಮೇಲೆ ಎಷ್ಟು ಪ್ರವೇಶ ಅಂತ ಅಚ್ಚಾಗಿರುತ್ತದೆ: 1, 2 ಅಥವಾ MULT. 1 ಅಂತ ಬಂದರೆ ಹೋಗುವುದಕ್ಕೆ ಮಾತ್ರ ಸಾಕು. ಮೇಲಾಗಿ ಇವರು ಅಲ್ಲಿರುವುದು ಐದು ತಿಂಗಳು. ಎರಡೂ ಪ್ರಯಾಣದ ದಿನಾಂಕ ಆ ವೀಸಾದ ಅವಧಿಯೊಳಗೆ ಬೀಳಬೇಕು. ಮೊದಲ ಸಲ ಅರ್ಜಿ ಹಾಕುವವರಿಗೆ ಅಷ್ಟು ಉದ್ದದ ಅವಧಿ ಕೊಟ್ಟೇ ಕೊಡುತ್ತಾರೆ ಅಂತ ನಂಬಿ ಕೂರಲು ಆಗುವುದಿಲ್ಲ. ಕೊಡದಿದ್ದರೆ 71 ವರ್ಷದವರು ಬಾಸ್ಟನ್‌ನಲ್ಲಿ ಕೂತು ಇನ್ನೊಂದು ವೀಸಾಕ್ಕೆ ಓಡಾಡಬೇಕು.

ಇನ್ನೂ ಒಂದು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹಂತಹಂತವಾಗಿ ಹೊಸ ವ್ಯವಸ್ಥೆ ಬಂತು. ಮುದ್ರೆಯ ಬದಲು ಕಂಪ್ಯೂಟರಿನಲ್ಲಿ ದಾಖಲೆ. ಮೊದಲ ಸಲ ಬರುವವರ ಫೋಟೊ ತೆಗೆಯುತ್ತಾರೆ, ಬೆರಳಚ್ಚನ್ನೂ ನೋಡುತ್ತಾರೆ. ಸಾಲು ಉದ್ದ ಇದ್ದರೆ 2 ಗಂಟೆ 10 ನಿಮಿಷದಲ್ಲಿ ಅದನ್ನು ದಾಟಿ, ತಪಾಸಣೆ ಮುಗಿಸಿ, ಮಂಡಿ ನೋವಿನವರು 2Fಗೆ ತಲುಪುವುದು ಕಷ್ಟ. ಅಂತರರಾಷ್ಟ್ರೀಯ ಭಾಗದಲ್ಲೇ ಉಳಿಯುವವರಿಗೆ ಇದು ಯಾವುದೂ ಇಲ್ಲ.

ಸುಲಭದ ದಾರಿ: ಯುರೋಪಿನಲ್ಲಿ ಒಂದೇ ಕಡೆ ಇಳಿಯುವ ಟಿಕೆಟ್. ಬೆಂಗಳೂರು, ಪ್ಯಾರಿಸ್, ಬಾಸ್ಟನ್ ಆಗಬಹುದು. ಬೆಂಗಳೂರು, ಆಮ್‌ಸ್ಟರ್‌ಡ್ಯಾಮ್, ಬಾಸ್ಟನ್ ಆಗಬಹುದು. ಎರಡೂ ಇವೆ. ಪ್ಯಾರಿಸ್ ಆದರೆ ಇಳಿಯುವುದೂ ಹತ್ತುವುದೂ 2Eಯಲ್ಲೇ, ನಡುವೆ ಭದ್ರತಾ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಗಡಿ ಇರುವುದಿಲ್ಲ.

ಸಾಗರದವಳು (ರಾತ್ರಿ 8.05)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಬೇರೆ ಕಥೆ. ಮಗ ಓದಲು ಮೆಲ್ಬರ್ನ್‌ಗೆ ಹೊರಟಿದ್ದಾನೆ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಒಂದು ಟಿಕೆಟ್, ಅಲ್ಲಿಂದ ಮೆಲ್ಬರ್ನ್‌ಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್. ಬಹಳ ಅಗ್ಗಕ್ಕೆ ಸಿಕ್ಕಿತು. ಎರಡು ದೇಶ ಇಲ್ಲ, ಒಂದೇ ಕಡೆ ಇಳಿಯುವುದು. ಹಾಗಾದರೆ ನಮಗೆ ತೊಂದರೆ ಇಲ್ಲ ಅಲ್ವಾ ಸರ್? ನಡುವೆ 2 ಗಂಟೆ 45 ನಿಮಿಷ ಇದೆ.

ಕೊಪ್ಪದ ಕೌಂಟರ್ (ರಾತ್ರಿ 8.18)

ಸಾಗರದ ಅಮ್ಮಾ, ನಿಮ್ಮದರಲ್ಲಿ ತೊಂದರೆ ಬೇರೆ ಕಡೆ ಇದೆ. ಮಗ ದೊಡ್ಡ ಬ್ಯಾಗ್ ಕೊಡುತ್ತಾನಾ?

ಸಾಗರದವಳು (ರಾತ್ರಿ 8.20)

ಎರಡು ಕೊಡುತ್ತಾನೆ. ಕುಕ್ಕರ್, ಅಪ್ಪೆಮಿಡಿ ಉಪ್ಪಿನಕಾಯಿ, ಚಳಿ ಬಟ್ಟೆ ಎಲ್ಲ ಇದೆ.

ಕೊಪ್ಪದ ಕೌಂಟರ್ (ರಾತ್ರಿ 8.34)

ಹಾಗಿದ್ದರೆ ಅವನು ಮಲೇಷ್ಯಾದ ಒಳಗೆ ಬರಲೇಬೇಕು. ಎರಡು ಕಂಪನಿ, ಎರಡು ಟಿಕೆಟ್, ನಡುವೆ ಒಪ್ಪಂದ ಇಲ್ಲ. ಹಾಗಾಗಿ ಬೆಂಗಳೂರಿನವರು ಬ್ಯಾಗಿಗೆ ಕೌಲಾಲಂಪುರದ ಚೀಟಿ ಮಾತ್ರ ಹಚ್ಚುತ್ತಾರೆ. ಅವನು ಅಲ್ಲಿ ಇಮಿಗ್ರೇಷನ್ ದಾಟಿ, ಬೆಲ್ಟಿನಿಂದ ಬ್ಯಾಗ್ ತೆಗೆದುಕೊಂಡು, ಹೊರಗೆ ಬಂದು, ಮತ್ತೆ ಹೊಸದಾಗಿ ಚೆಕ್‌ಇನ್ ಮಾಡಿ, ಮತ್ತೆ ಇಮಿಗ್ರೇಷನ್ ದಾಟಿ ಒಳಗೆ ಹೋಗಬೇಕು. ಅಲ್ಲಿ ಎರಡು ಟರ್ಮಿನಲ್ ಇವೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಿದ್ದರೆ ಹೊರಗಿನ ರೈಲಿನಲ್ಲಿ ಹೋಗಬೇಕು. ರೈಲು ಕೆಲವೇ ನಿಮಿಷ, ಆದರೆ ಕಾಯುವುದು, ಸಾಮಾನು ಎಳೆಯುವುದು ಎಲ್ಲ ಸೇರುತ್ತದೆ. ಟಿಕೆಟ್ ಮೇಲೆ ಟರ್ಮಿನಲ್ ಯಾವುದು ಅಂತ ನೋಡಿಕೊಳ್ಳಿ.

ನಿಮ್ಮ ಅದೃಷ್ಟ, ಮಲೇಷ್ಯಾ ಈಗ ಭಾರತೀಯರಿಗೆ 30 ದಿನದವರೆಗೆ ವೀಸಾ ಕೇಳುವುದಿಲ್ಲ. ಈ ಸೌಲಭ್ಯ 2026ರ ಡಿಸೆಂಬರ್ 31ರವರೆಗೆ ಇದೆ. ಆದರೆ ಒಳಗೆ ಬರುವವರು MDAC ಅನ್ನುವ ಡಿಜಿಟಲ್ ಕಾರ್ಡ್ ತುಂಬಬೇಕು, ತಲುಪುವ ದಿನಕ್ಕೆ ಮೂರು ದಿನದೊಳಗೆ. ಇಂಥದೇ ಎರಡು ಟಿಕೆಟ್ಟಿನ ಪ್ರಯಾಣವನ್ನು ವೀಸಾ ಕೇಳುವ ಊರಿನ ಮೇಲೆ ಮಾಡಿದ್ದರೆ ಮಗ ಬೆಂಗಳೂರಿನಲ್ಲೇ ನಿಲ್ಲುತ್ತಿದ್ದ.

2 ಗಂಟೆ 45 ನಿಮಿಷ ನನಗೆ ಸಾಲದು ಅನ್ನಿಸುತ್ತದೆ. ಬ್ಯಾಗ್ ಕೊಡುವ ಕೌಂಟರ್ ವಿಮಾನಕ್ಕೆ ಸುಮಾರು ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ಕೈಯಲ್ಲಿರುವುದು ಒಂದೂ ಮುಕ್ಕಾಲು ಗಂಟೆ. ಬೆಂಗಳೂರಿನ ವಿಮಾನ ತಡವಾದರೆ ಎರಡನೇ ಕಂಪನಿಗೆ ನಿಮ್ಮ ಮೇಲೆ ಯಾವ ಹೊಣೆಯೂ ಇಲ್ಲ, ಹೊಸ ಟಿಕೆಟ್ ನೀವೇ ಕೊಳ್ಳಬೇಕು. ನನ್ನ ಮಗ ಆಗಿದ್ದರೆ ಐದು ಗಂಟೆ ಇಡುತ್ತಿದ್ದೆ.

ಹೊಸನಗರದ ಮಾಣಿ (ರಾತ್ರಿ 8.47)

ಲಂಡನ್ ಯಾರೂ ಹೇಳಲಿಲ್ಲವಲ್ಲ? ಬೆಂಗಳೂರಿನಿಂದ ನೇರ ಇದೆ, ಅಲ್ಲಿಂದ ಬಾಸ್ಟನ್‌ಗೂ ಇದೆ. ಅಮೆರಿಕ ವೀಸಾ ಇದ್ದರೆ ಲಂಡನ್‌ನಲ್ಲಿ ಹೊರಗೂ ಹೋಗಬಹುದು ಅಂತ ಕೇಳಿದ್ದೇನೆ. ಅದೇ ಎಲ್ಲಕ್ಕಿಂತ ಒಳ್ಳೆಯದು.

ಕೊಪ್ಪದ ಕೌಂಟರ್ (ರಾತ್ರಿ 8.58)

ಮಾಣಿ, ನೀನು ಹೇಳಿದ್ದರಲ್ಲಿ ಸತ್ಯ ಇದೆ. ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ, ಅದರ ನಿಯಮ ಬೇರೆ. ಒಳಗೇ ವಿಮಾನ ಬದಲಿಸುವುದಕ್ಕೂ ಭಾರತೀಯರಿಂದ ಅವರು ವೀಸಾ ಕೇಳುತ್ತಾರೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಅದು ಬೇಡ. ಹೊರಗೆ ಬರಬೇಕಾದರೂ, ಅಂದರೆ ಹೀಥ್ರೂದಲ್ಲಿ ಇಳಿದು ಗ್ಯಾಟ್‌ವಿಕ್‌ನಲ್ಲಿ ಹತ್ತಬೇಕಾದರೂ, ಅಂಥವರನ್ನು ವೀಸಾ ಇಲ್ಲದೆ ಬಿಡುವ ವ್ಯವಸ್ಥೆ ಇದೆ. ಆದರೆ ವಿಮಾನದಲ್ಲೇ ಬಂದು ವಿಮಾನದಲ್ಲೇ ಹೊರಡಬೇಕು, ಮುಂದಿನ ಟಿಕೆಟ್ ಖಚಿತವಾಗಿರಬೇಕು, ಮರುದಿನ ರಾತ್ರಿ 11.59ರೊಳಗೆ ಹೊರಟಿರಬೇಕು. ಬಿಡುವುದು ಬಿಡದಿರುವುದು ಕೊನೆಗೆ ಗಡಿಯ ಅಧಿಕಾರಿಯ ಕೈಯಲ್ಲಿದೆ. ಹಕ್ಕು ಅಂತ ಹೋಗಬಾರದು.

ಇವರಿಗೆ ಲಂಡನ್ ಕೂಡ ಆಗುತ್ತದೆ. ಎರಡೂ ವಿಮಾನ ಹೀಥ್ರೂದಿಂದಲೇ ಇರಬೇಕು, ಅಷ್ಟೇ.

ಮಂಡಗದ್ದೆ (ರಾತ್ರಿ 9.10)

ನನ್ನದೊಂದು ಅನುಭವ ಸೇರಿಸುತ್ತೇನೆ. ಎಲ್ಲ ಸರಿ ಇದ್ದರೂ ಹೀಗಾಗಬಹುದು ಅಂತ ಗೊತ್ತಿರಲಿ. ಎರಡು ವರ್ಷದ ಹಿಂದೆ ಯುರೋಪಿನ ಒಂದು ನಿಲ್ದಾಣದಲ್ಲಿ ನನ್ನ ಎರಡನೇ ವಿಮಾನ ರದ್ದಾಯಿತು. ಮುಂದಿನದು ಮರುದಿನ ಬೆಳಗ್ಗೆ. ಕಂಪನಿಯವರು ಎಲ್ಲರಿಗೂ ಹೋಟೆಲ್ ಚೀಟಿ ಕೊಟ್ಟರು. ಹೋಟೆಲ್ ಇದ್ದಿದ್ದು ಹೊರಗೆ. ನನ್ನ ಹತ್ತಿರ ಆ ವೀಸಾ ಇಲ್ಲ. ಗಡಿ ಪೊಲೀಸರು ಬಿಡಲಿಲ್ಲ. ರಾತ್ರಿ ಇಡೀ ಕುರ್ಚಿ ಮೇಲೆ ಕಳೆದೆ. ಕೈಚೀಲದಲ್ಲಿ ಬಿಪಿ ಮಾತ್ರೆ ಒಂದೇ ಉಳಿದಿತ್ತು, ಬಾಕಿ ಎಲ್ಲ ದೊಡ್ಡ ಬ್ಯಾಗಿನಲ್ಲಿ. ನಿಮ್ಮ ಅಪ್ಪ ಅಮ್ಮನ ಮಾತ್ರೆ ಮೂರು ದಿನಕ್ಕಾಗುವಷ್ಟು ಕೈಚೀಲದಲ್ಲೇ ಇಡಿ.

ಕೊಪ್ಪದ ಕೌಂಟರ್ (ರಾತ್ರಿ 9.18)

ಮಂಡಗದ್ದೆಯವರು ಹೇಳಿದ್ದು ಬಹಳ ಮುಖ್ಯ. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್‌ನಲ್ಲಿ ಗಡಿ ದಾಟದೆಯೇ ಮಲಗುವಂಥ ಹೋಟೆಲ್ ಒಳಗಡೆಯೇ ಇದೆ. ಪ್ಯಾರಿಸ್‌ನ 2Eಯಲ್ಲೂ ಇದೆ. ಹಾಗಾದಾಗ "ಹೊರಗಿನ ಹೋಟೆಲ್‌ಗೆ ವೀಸಾ ಇಲ್ಲ, ಒಳಗೆ ಕೊಡಿ" ಅಂತ ಸ್ಪಷ್ಟವಾಗಿ ಕೇಳಬೇಕು. ಕೊಠಡಿ ಕಡಿಮೆ, ಬೇಗ ತುಂಬುತ್ತವೆ. ಸಿಕ್ಕೇ ಸಿಗುತ್ತದೆ ಅನ್ನಲು ಆಗುವುದಿಲ್ಲ.

ಜೋಗದ ದಾರಿ (ರಾತ್ರಿ 9.26)

ಸರ್, ನನ್ನ ತಂಗಿ ನ್ಯೂಜೆರ್ಸಿಯಲ್ಲಿ H-1B ಮೇಲೆ ಇದ್ದಾಳೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಚೀಟಿಯ ಅವಧಿ ಮುಗಿದಿದೆ. ಹೊಸ I-797 ಕಾಗದ ಇದೆ. ಮದುವೆಗೆ ಊರಿಗೆ ಬರುವಾಗ ಯುರೋಪಿನಲ್ಲಿ ಒಂದೇ ಕಡೆ ಇಳಿಯುತ್ತಾಳೆ. ಅವಳಿಗೆ ಆ ವಿನಾಯಿತಿ ಸಿಗುತ್ತದಾ?

ಹೊಸನಗರದ ಮಾಣಿ (ರಾತ್ರಿ 9.30)

ಸಿಗುತ್ತದೆ. I-797 ಅಂದರೆ ವೀಸಾನೇ ತಾನೆ? ನನ್ನ ಗೆಳೆಯ ಹಾಗೇ ಬಂದ.

ಕೊಪ್ಪದ ಕೌಂಟರ್ (ರಾತ್ರಿ 9.41)

ಅಲ್ಲ ಮಾಣಿ. I-797 ಅಂದರೆ ಅಲ್ಲಿ ಇರಲು, ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದೆ ಅನ್ನುವ ಕಾಗದ. ವೀಸಾ ಅಂದರೆ ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿ. ಯುರೋಪಿನ ನಿಯಮದಲ್ಲಿ ಚಾಲ್ತಿಯಲ್ಲಿರುವ ವೀಸಾ ಬಗ್ಗೆ ಹೇಳಿದೆ. ಜೊತೆಗೆ ಆ ವೀಸಾ ಬಳಸಿ ಹೋಗಿ ಅಲ್ಲಿಂದ ವಾಪಸ್ ಬರುವವರ ಬಗ್ಗೆಯೂ ಒಂದು ಮಾತಿದೆ. ಆ ಎರಡನೇ ಮಾತನ್ನು ಒಂದು ಕೌಂಟರಿನಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಓದುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬರನ್ನು ಬಿಟ್ಟಿದ್ದಾರೆ, ಒಬ್ಬರನ್ನು ತಡೆದಿದ್ದಾರೆ. ನಾನಾದರೆ ತಂಗಿಯನ್ನು ದುಬೈ, ದೋಹಾ ಅಥವಾ ಅಬುಧಾಬಿ ಮೇಲೆ ಕರೆಸುತ್ತೇನೆ. ಅಲ್ಲಿ ಒಳಗೇ ವಿಮಾನ ಬದಲಿಸುವ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಡ.

ಜೋಗದ ದಾರಿ (ರಾತ್ರಿ 9.48)

ಯುರೋಪ್ ದಾರಿ 200 ಡಾಲರ್ ಕಡಿಮೆ ಅಂತಾಳೆ. ಕಂಪನಿಗೆ ಇಮೇಲ್ ಬರೆದು ಕೇಳಲು ಹೇಳುತ್ತೇನೆ. ಉತ್ತರ ಬಂದರೆ ಇಲ್ಲಿ ಹಾಕುತ್ತೇನೆ.

ತುಂಗಾತೀರ, ತೀರ್ಥಹಳ್ಳಿ (ರಾತ್ರಿ 10.26)

ಆಯಿತು! ಅಣ್ಣ ಹಳೆಯದನ್ನು ರದ್ದು ಮಾಡಿದ. 24 ಗಂಟೆಗೆ ಇನ್ನೂ ಅರ್ಧ ಗಂಟೆ ಇತ್ತು. ಪೂರ್ತಿ ಹಣ ವಾಪಸ್ ಅಂತ ಇಮೇಲ್ ಬಂತು. ಹೊಸದು ಬೆಂಗಳೂರು, ಪ್ಯಾರಿಸ್, ಬಾಸ್ಟನ್. ಪ್ಯಾರಿಸ್‌ನಲ್ಲಿ 4 ಗಂಟೆ. ಇಳಿಯುವುದೂ ಹತ್ತುವುದೂ 2E ಅಂತ ಟಿಕೆಟ್ಟಿನಲ್ಲೇ ಇದೆ. ತಲೆಗೆ 9 ಸಾವಿರ ಜಾಸ್ತಿ ಆಯಿತು. ವೀಸಾ ಶುಲ್ಕ, ವಿಮೆ, ಬೆಂಗಳೂರಿಗೆ ಓಡಾಟ ಲೆಕ್ಕ ಹಾಕಿದರೆ ಅದಕ್ಕಿಂತ ಕಡಿಮೆಯೇ. ಇಬ್ಬರಿಗೂ ವೀಲ್‌ಚೇರ್ ಕೇಳಿದ್ದೇವೆ.

ವಾಪಸ್ ಬರುವ ಟಿಕೆಟ್ ಬಗ್ಗೆ ಒಂದು ಸಂಶಯ ಸರ್. ಬಾಸ್ಟನ್‌ನಿಂದ ನ್ಯೂಯಾರ್ಕ್, ಅಲ್ಲಿಂದ ಪ್ಯಾರಿಸ್, ಆಮೇಲೆ ಬೆಂಗಳೂರು ಅಂತ ಬಂದಿದೆ. ಇದು ಎರಡು ಕಡೆ ಇಳಿದ ಹಾಗೆ ಆಗುವುದಿಲ್ಲವಾ?

ಕೊಪ್ಪದ ಕೌಂಟರ್ (ರಾತ್ರಿ 10.38)

ಆಗುವುದಿಲ್ಲ. ಬಾಸ್ಟನ್‌ನಿಂದ ನ್ಯೂಯಾರ್ಕ್ ಅಮೆರಿಕದ ಒಳಗಿನ ವಿಮಾನ, ಅವರು ಆಗಲೇ ಅಮೆರಿಕದ ಒಳಗೇ ಇರುತ್ತಾರೆ. ಷೆಂಗೆನ್‌ನಲ್ಲಿ ಇಳಿಯುವುದು ಪ್ಯಾರಿಸ್ ಒಂದರಲ್ಲೇ. ಹೋಗುವಾಗ ಹೀಗಿದ್ದಿದ್ದರೆ ಬೇರೆ ಕೆಲಸ ಇತ್ತು. ಅಮೆರಿಕದಲ್ಲಿ ಏರ್‌ಸೈಡ್ ಟ್ರಾನ್ಸಿಟ್ ಅನ್ನುವುದೇ ಇಲ್ಲ. ಮೊದಲು ಇಳಿದ ಊರಿನಲ್ಲೇ ಎಲ್ಲರೂ ಇಮಿಗ್ರೇಷನ್ ದಾಟಿ, ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ಮುಗಿಸಿ, ಮತ್ತೆ ಬ್ಯಾಗ್ ಕೊಡಬೇಕು. ನಿಮ್ಮವರು ನೇರ ಬಾಸ್ಟನ್‌ನಲ್ಲೇ ಇಳಿಯುವುದರಿಂದ ಅದೂ ತಪ್ಪಿತು.

ಬಾಸ್ಟನ್‌ನಿಂದ ಹೊರಡುವ ದಿನವೂ ಅಮೆರಿಕ ವೀಸಾ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಜೋಗದವರ ತಂಗಿಯ ತೊಂದರೆ ಇವರಿಗಿಲ್ಲ. ವೀಸಾ ಇರುವುದು ಹಳೆಯ ಪಾಸ್‌ಪೋರ್ಟಿನಲ್ಲೋ ಹೊಸದರಲ್ಲೋ?

ತುಂಗಾತೀರ, ತೀರ್ಥಹಳ್ಳಿ (ರಾತ್ರಿ 10.44)

ಅಮ್ಮನದು ಹೊಸದರಲ್ಲಿ. ಅಪ್ಪನದು ಹಳೆಯದರಲ್ಲಿ ಸರ್. ಪಾಸ್‌ಪೋರ್ಟ್ ಹೋದ ವರ್ಷ ಬದಲಾಯಿಸಿದೆವು.

ಕೊಪ್ಪದ ಕೌಂಟರ್ (ರಾತ್ರಿ 10.49)

ಹಾಗಿದ್ದರೆ ಅಪ್ಪ ಎರಡೂ ಪಾಸ್‌ಪೋರ್ಟ್ ಕೈಚೀಲದಲ್ಲೇ ಇಟ್ಟುಕೊಂಡು ಹೋಗಬೇಕು, ಬರುವಾಗಲೂ. ಹಳೆಯದನ್ನು ಬಾಸ್ಟನ್ ಮನೆಯ ಕಪಾಟಿನಲ್ಲಿ ಬಿಟ್ಟು ಬಂದರೆ ವಾಪಸ್ ಕೌಂಟರಿನಲ್ಲಿ ವೀಸಾ ಎಲ್ಲಿ ಅಂತ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಎರಡನ್ನೂ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ.

ತುಂಗಾತೀರ, ತೀರ್ಥಹಳ್ಳಿ (ರಾತ್ರಿ 10.55)

ಈಗಲೇ ಕಟ್ಟಿದೆ. ಅಮ್ಮನಿಗೆ ಎಲ್ಲ ಓದಿ ಹೇಳಿದೆ, ಈಗ ಮಲಗಿದರು.